ಮೊದಲ ಬದು ದಿಣ್ಣೆ ಮೇಲಿನ ಜಮೀನಿಗೆ ಬೀಳಲಿ

ಇದು ಸ್ವಲ್ಪ ಉದ್ದದ ಪೋಸ್ಟ್. ನಮ್ಮ ಗೆಳೆಯರ ಮಕ್ಕಳು ಕೆಲವರು ಕೃಷಿ, ಅರಣ್ಯ, ಗ್ರಾಮೀಣಾಭಿವೃದ್ಧಿ ಓದ್ತಾ ಇದ್ದಾರೆ. ನಾಳೆ ಜಲಾನಯನ ಯೋಜನೆಯ ಫೈಲಿಗೆ ಸಹಿ ಹಾಕೋರು ಅವರೇ. ಅವರು ದಯವಿಟ್ಟು ಪೂರ್ತಿ ಓದಿ.

ನನ್ನ ಮಾತು ಇಷ್ಟೇ. ಇಳಿಜಾರಿನ ಮಳೆಯಾಶ್ರಿತ ಜಮೀನಿನಲ್ಲಿ ಕೆಲಸ ಮೇಲಿನಿಂದ ಶುರುವಾಗಬೇಕು. ಅದನ್ನು ದಲಿತರಿಗೆ ಮಾಡುವ ಉಪಕಾರ ಅಂತ ಯಾರೂ ತಿಳ್ಕೋಬೇಡಿ, ಅದು ನೀರಿನ ಲೆಕ್ಕ. ಆ ಲೆಕ್ಕ ಬಿಟ್ಟು ಹಾಕಿದ ಬದು ಒಡೆಯುತ್ತೆ, ಒಡೆದಾಗ ಮೊದಲು ಕೊಚ್ಚಿ ಹೋಗೋದು ಮೇಲಿರೋರ ಮಣ್ಣು.

ಮೇಲೆ ಇರೋರು ಯಾರು? ನಮ್ಮ ಬಯಲುಸೀಮೆಯ ಬಹಳಷ್ಟು ಊರಲ್ಲಿ ಒಂದೇ ಚಿತ್ರ. ತುದಿಯಲ್ಲಿ ಗುಡ್ಡ, ಗೋಮಾಳ. ಅದರ ಕೆಳಗೆ ದರಖಾಸ್ತಿನಲ್ಲಿ ನಮ್ಮವರಿಗೆ ಸಿಕ್ಕಿದ ಒಂದೆಕರೆ, ಎರಡೆಕರೆ ತುಂಡುಗಳು, ತೆಳು ಕೆಂಪು ಮಣ್ಣು, ಗರಸು. ಅದರ ಕೆಳಗೆ ದಪ್ಪ ಮಣ್ಣಿನ ದೊಡ್ಡ ಹಿಡುವಳಿ. ಎಲ್ಲಕ್ಕಿಂತ ಕೆಳಗೆ ಹಳ್ಳ, ಹಳ್ಳದ ಪಕ್ಕ ಬೋರ್‌ವೆಲ್, ಅಡಿಕೆ ತೋಟ. ಚೆಕ್ ಡ್ಯಾಂ ಎಲ್ಲಿ ಬರುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ನಾನು ಇಂಜಿನಿಯರ್ ಅಲ್ಲ, ಬಿಎ ಓದಿದ ಗುಮಾಸ್ತ. ಆದರೆ ಈ ಲೆಕ್ಕಕ್ಕೆ ಕೂಡೋದು, ಭಾಗಿಸೋದು ಬಂದರೆ ಸಾಕು. ನೂರು ಅಡಿಗೆ ಮೂರು ಅಡಿ ಇಳಿಯುವ ಕೆಂಪು ಮಣ್ಣಿನ ಜಮೀನು ಅಂತ ಇಟ್ಕೊಳ್ಳಿ. ಇಳಿಜಾರು ಶೇಕಡಾ 3. ಇಲ್ಲಿ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಹಾಕುವ ಸಮಪಾತಳಿ ಬದು ಬೇಕು. ಒಂದು ಬದುವಿಗೂ ಇನ್ನೊಂದಕ್ಕೂ ಎಷ್ಟು ದೂರ? ಪುಸ್ತಕದಲ್ಲಿ ಹಳೇ ಸೂತ್ರ ಇದೆ: ಇಳಿಜಾರಿನ ಶೇಕಡಾವನ್ನು 3ರಿಂದ ಭಾಗಿಸಿ 2 ಕೂಡಿಸಿ. ಬರೋದು ಎರಡು ಬದುಗಳ ನಡುವಿನ ಎತ್ತರದ ವ್ಯತ್ಯಾಸ, ಅಡಿಗಳಲ್ಲಿ. ಮೀಟರ್ ಬೇಕಾದರೆ 0.3ರಿಂದ ಗುಣಿಸಿ. ನಮ್ಮ ಜಮೀನಿಗೆ ಒಂದಕ್ಕೆ ಎರಡು ಕೂಡಿ ಮೂರು ಅಡಿ. ಅಂದರೆ ಪ್ರತಿ ನೂರು ಅಡಿಗೆ ಒಂದು ಬದು.

ಬದು ಎರಡು ಅಡಿ ಎತ್ತರ ಇರಲಿ, ಹೆಚ್ಚಾದ ನೀರು ಹೊರಹೋಗುವ ಕೋಡಿ ಒಂದು ಅಡಿ ಮಟ್ಟದಲ್ಲಿರಲಿ. ಬದುವಿನ ಬುಡದಲ್ಲಿ ಒಂದು ಅಡಿ ನೀರು ನಿಂತರೆ ಅದು ಮೇಲಕ್ಕೆ ಸುಮಾರು 33 ಅಡಿವರೆಗೆ ಹರಡುತ್ತೆ, ತೆಳುವಾಗುತ್ತಾ ಹೋಗುತ್ತೆ. ಆ ತ್ರಿಕೋನದ ನೀರನ್ನು ನೂರು ಅಡಿ ಜಮೀನಿನ ಮೇಲೆ ಸಮವಾಗಿ ಹಂಚಿದರೆ ಎರಡು ಇಂಚು, ಅಂದರೆ 50 ಮಿಲಿಮೀಟರ್. ಜಮೀನಿನಿಂದ ಅಷ್ಟು ನೀರು ಹರಿದು ಬಂದರೂ ಬದು ಹಿಡಿಯುತ್ತೆ. ಬಿದ್ದ ಮಳೆಯ ಅರ್ಧ ಮಣ್ಣು ಕುಡಿಯಿತು ಅಂತ ಹಿಡಿದರೆ, ಒಂದೇ ದಿನ 100 ಮಿಲಿಮೀಟರ್ ಸುರಿದರೂ ತಡ್ಕೊಳ್ಳುತ್ತೆ. ಅಂಥ ಮಳೆ ನಮ್ಮ ಕಡೆ ಅಪರೂಪ.

ಈಗ ಹಣ ಉಳಿಸೋಕೆ ಅಂತ ಮುನ್ನೂರು ಅಡಿಗೊಂದು ಬದು ಹಾಕಿ. ಬದು ಅದೇ, ಹಿಡಿಯೋ ನೀರೂ ಅಷ್ಟೇ, ಆದರೆ ಮೇಲಿಂದ ಬರೋ ನೀರು ಮೂರು ಪಟ್ಟು. ಈಗ ಅದು ಹಿಡಿಯೋದು ಸುಮಾರು 17 ಮಿಲಿಮೀಟರ್ ಹರಿವು ಮಾತ್ರ.

ಇನ್ನೊಂದು ಲೆಕ್ಕ ನೋಡಿ. ಬದು ಸರಿಯಾಗಿ ನೂರು ಅಡಿಗೇ ಇದೆ, ಆದರೆ ಮೇಲಿನ ಗುಡ್ಡ ಬರಿದಾಗಿದೆ, ಕಂದಕ ಇಲ್ಲ. ಗುಡ್ಡದ ಮುನ್ನೂರು ಅಡಿ ಇಳಿಜಾರಿನ ನೀರು ಮೊದಲ ಬದುವಿಗೇ ಬಂದು ಬೀಳುತ್ತೆ. ಒಟ್ಟು ನಾನೂರು ಅಡಿಯ ನೀರು, ಹಿಡಿಯೋ ಶಕ್ತಿ ಅರ್ಧ ಇಂಚು, 12 ಮಿಲಿಮೀಟರ್. ಅರ್ಧ ಹರಿಯುತ್ತೆ ಅಂದ್ಕೊಂಡರೂ 25 ಮಿಲಿಮೀಟರ್ ಮಳೆಗೇ ತುಂಬಿತು. ಅಂಥ ಮಳೆ ವರ್ಷಕ್ಕೆ ಎಷ್ಟೋ ಸಲ ಬರುತ್ತೆ. ಮೇಲಿನ ಬದು ಒಡೆದರೆ ಅದರ ನೀರು ಒಟ್ಟಿಗೇ ಎರಡನೆಯದಕ್ಕೆ ನುಗ್ಗುತ್ತೆ, ಅದೂ ಒಡೆದು ಮೂರನೆಯದಕ್ಕೆ ನುಗ್ಗುತ್ತೆ. ಮೇಲಿನಿಂದ ಕೆಳಕ್ಕೆ ಬರಬೇಕು ಅನ್ನೋದು ಇದಕ್ಕೆ. 2008ರ ಕೇಂದ್ರದ ಜಲಾನಯನ ಸಾಮಾನ್ಯ ಮಾರ್ಗಸೂಚಿಯಲ್ಲೂ ದಿಣ್ಣೆಯಿಂದ ಕಣಿವೆಗೆ ಹಂತಹಂತವಾಗಿ ಬರಬೇಕು ಅಂತಲೇ ಇದೆ. ಕಾಗದದಲ್ಲಿ ಎಲ್ಲಾ ಸರಿಯಾಗೇ ಇದೆ.

ನೆಲದ ಮೇಲೆ ಏನಾಯ್ತು ಅಂತ ನಮ್ಮ ಪಕ್ಕದ ಊರಿಂದ ಹೇಳ್ತೀನಿ. ಊರು, ಕಚೇರಿ ಹೆಸರು ಬೇಡ. ಮೊದಲ ವರ್ಷದ ಹಣದಲ್ಲಿ ಹಳ್ಳಕ್ಕೆ ಎರಡು ಚೆಕ್ ಡ್ಯಾಂ ಬಂತು. ಕಾಂಕ್ರೀಟ್ ಕೆಲಸ, ಫೋಟೋಗೂ ಚೆನ್ನ, ಬಿಲ್ಲಿಗೂ ಚೆನ್ನ. ಎರಡನೇ ವರ್ಷ ಮಧ್ಯದ ದೊಡ್ಡ ಹಿಡುವಳಿಗಳಿಗೆ ಬದು. ನಮ್ಮವರ ತುಂಡುಗಳಿಗೆ ಕೊನೆಗೆ ಜೆಸಿಬಿ ಬಂತು. ಬಂದಿದ್ದೂ ಎರಡೇ ದಿನ. ಮಟ್ಟ ನೋಡಲಿಲ್ಲ, ಸರ್ವೆ ಕಲ್ಲಿನಿಂದ ಸರ್ವೆ ಕಲ್ಲಿಗೆ ಹಿಸ್ಸೆಯ ಗಡಿ ಹಿಡಿದು ಮಣ್ಣು ಎತ್ತಿ ಹಾಕಿ ಹೋಯ್ತು. ಗುಡ್ಡಕ್ಕೆ ಕಂದಕ ತೆಗೆಯೋಕೆ ಹಣ ಮುಗಿದಿತ್ತು.

ಗಡಿ ಬದುವಿನ ತೊಂದರೆ ಇಲ್ಲಿದೆ. ಗಡಿ ಎಳೆದದ್ದು ಹಂಚಿಕೆಗೆ, ನೀರು ನೋಡಿ ಅಲ್ಲ. ಆ ಊರಲ್ಲಿ ಒಂದು ಗಡಿ ಇನ್ನೂರು ಅಡಿ ಉದ್ದಕ್ಕೆ ಮೂರು ಅಡಿ ಇಳಿಯುತ್ತೆ. ಕೆಳಮೂಲೆಯಲ್ಲಿ ಒಂದು ಅಡಿ ನೀರು ನಿಂತಾಗ ಬದುವಿನ ಮೂರನೇ ಒಂದು ಭಾಗಕ್ಕೆ ಮಾತ್ರ ನೀರು ತಾಕುತ್ತೆ, ಮಿಕ್ಕ ಎರಡು ಭಾಗ ಒಣಗಿರುತ್ತೆ. ಇಡೀ ಜಮೀನಿನ ಭಾರ ಆ ಒಂದು ಮೂಲೆಗೆ. ಅಲ್ಲಿ ಕೋಡಿಯೂ ಇರಲಿಲ್ಲ. ಮೊದಲ ಮಳೆಗಾಲದಲ್ಲೇ ಆ ಮೂಲೆ ಕಿತ್ತುಕೊಂಡು ಹೋಗಿ ಕೆಳಗಿನ ಶೇಂಗಾ ಹೊಲದಲ್ಲಿ ಮೊಣಕಾಲುದ್ದ ಕೊರಕಲು ಬಿತ್ತು. ಆ ಮಣ್ಣು ಹೋಗಿ ನಿಂತದ್ದು ಚೆಕ್ ಡ್ಯಾಮಿನಲ್ಲಿ. ಎರಡೇ ಮಳೆಗಾಲಕ್ಕೆ ಅದರಲ್ಲಿ ನೀರಿಗಿಂತ ಹೂಳು ಜಾಸ್ತಿ ಆಯ್ತು. ಮೇಲಿನವರಿಗೆ ಮಣ್ಣು ಹೋಯ್ತು, ಕೆಳಗಿನವರಿಗೆ ನೀರೂ ನಿಲ್ಲಲಿಲ್ಲ.

ಆಗ ಬಂದ ಸಬೂಬು, "ನಿಮ್ಮೋರೇ ಹೊಲದ ಮಧ್ಯೆ ಬದು ಬೇಡ ಅಂದ್ರು." ಈ ಮಾತನ್ನು ಸುಳ್ಳು ಅಂತ ತಳ್ಳಿ ಹಾಕಲ್ಲ ನಾನು. ಒಂದೆಕರೆ ಚೌಕ ಅಂದರೆ ಒಂದೊಂದು ಬದಿ ಸುಮಾರು 209 ಅಡಿ, ಎರಡು ಬದು ಬೀಳುತ್ತೆ. ಬುಡ ಐದು ಅಡಿ ಅಗಲ ಹಿಡಿದರೆ ಎರಡಕ್ಕೂ ಸೇರಿ ಸುಮಾರು ಎರಡು ಗುಂಟೆ ಹೋಗುತ್ತೆ. ಹತ್ತು ಎಕರೆ ಒಡೆಯನಿಗೆ ಅಷ್ಟು ನೆಲ ತಡ್ಕೊಳ್ಳೋ ಶಕ್ತಿ ಇದೆ, ನಲವತ್ತೇ ಗುಂಟೆ ಇರೋ ತಾಯಿಗೆ ಅದು ಒಂದು ತಿಂಗಳ ರಾಗಿ. ಅವಳು ಬೇಡ ಅನ್ನೋದರಲ್ಲಿ ತಪ್ಪೇನಿದೆ? ಅವಳ ಜೊತೆ ಕೂತು ಮಾತಾಡೋದು ಯೋಜನೆಯ ಕೆಲಸ. ಬದುವಿನ ಮೇಲೆ ಹಸುಗಳಿಗೆ ಹುಲ್ಲು, ಅಂಚಿಗೆ ತೊಗರಿ ಅಥವಾ ಗ್ಲಿರಿಸಿಡಿಯಾ ಹಾಕಿದರೆ ಆ ಎರಡು ಗುಂಟೆ ಪೂರ್ತಿ ಸಾಯಲ್ಲ, ಬೇರು ಬದುವನ್ನೂ ಹಿಡಿಯುತ್ತೆ. ಗಡಿ ಹೆಚ್ಚುಕಮ್ಮಿ ಮಟ್ಟದಲ್ಲೇ ಇದ್ದರೆ ಅದನ್ನೇ ಬಳಸಿ, ತಗ್ಗಿರುವ ಕಡೆ ಬದು ಎತ್ತರಿಸಬಹುದು. ಇದನ್ನೆಲ್ಲ ಜೆಸಿಬಿ ಡ್ರೈವರ್ ಮಾತಾಡ್ತಾನಾ?

ಮಟ್ಟ ನೋಡೋಕೆ ದೊಡ್ಡ ಯಂತ್ರ ಬೇಡ. ನೀರು ತುಂಬಿದ ಪಾರದರ್ಶಕ ಪೈಪು, ಅಳತೆ ಗುರುತು ಹಾಕಿದ ಎರಡು ಕೋಲು ಸಾಕು. ಒಬ್ಬರು ಒಂದು ಗೂಟದ ಹತ್ತಿರ ನಿಲ್ಲಲಿ, ಇನ್ನೊಬ್ಬರು ಪೈಪಿನ ಇನ್ನೊಂದು ತುದಿ ಹಿಡಿದು ಮೇಲೆ ಕೆಳಗೆ ಸರಿದು ಎರಡು ಕೋಲಲ್ಲೂ ನೀರು ಒಂದೇ ಗುರುತಿಗೆ ಬರುವ ಜಾಗ ಹುಡುಕಲಿ. ಅಲ್ಲಿ ಗೂಟ. ಹೀಗೇ ಮುಂದಕ್ಕೆ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಮಟ್ಟ ತಪ್ಪು ತೋರಿಸುತ್ತೆ, ಮೊದಲು ಅದನ್ನು ಹೊರಗೆ ಹಾಕಿ. ಇಬ್ಬರು ಹೆಣ್ಣುಮಕ್ಕಳು ಬೆಳಗ್ಗೆ ಕೂತರೆ ಮಧ್ಯಾಹ್ನದೊಳಗೆ ಎರಡೆಕರೆಗೆ ಗುರುತು ಹಾಕ್ತಾರೆ, ನಾನು ನೋಡಿದ್ದೀನಿ. ಬದುವಿಗೆ ಮಣ್ಣು ತೆಗೆಯುವ ಗುಂಡಿ ಮೇಲ್ಬದಿಯಲ್ಲಿರಲಿ, ನಡುನಡುವೆ ಅಗೆಯದೆ ಬಿಟ್ಟು ತುಂಡುತುಂಡಾಗಿರಲಿ. ಒಂದೇ ಉದ್ದ ಕಾಲುವೆ ತೋಡಿದರೆ ಮಳೆನೀರು ಅದರಲ್ಲಿ ಓಡಿ ಬದುವಿನ ಬುಡವನ್ನೇ ಕೊರೆಯುತ್ತೆ.

ಹೆಚ್ಚು ಜಗಳ ಆಗೋದು ಕೋಡಿಗೆ. ಕೋಡಿ ಅಂದರೆ ಕಲ್ಲು ಹಾಸಿದ ತಗ್ಗು, ಅದರಾಚೆ ನೀರು ಬೀಳುವ ಜಾಗಕ್ಕೂ ಕಲ್ಲು, ಅಲ್ಲಿಂದ ಹಳ್ಳದವರೆಗೆ ಹುಲ್ಲಿನ ದಾರಿ. ಆ ದಾರಿ ಯಾರ ಜಮೀನಲ್ಲಿ ಹೋಗಬೇಕು? ದೊಡ್ಡೋರು ಒಪ್ಪಲ್ಲ. ಕೊನೆಗೆ ಮಾತಾಡೋಕೆ ಆಗದವರ ಹೊಲದೊಳಕ್ಕೆ ತಿರುಗಿಸ್ತಾರೆ, ಇಲ್ಲಾಂದ್ರೆ ಕೋಡಿಯನ್ನೇ ಕೈಬಿಡ್ತಾರೆ. ಎರಡೂ ಒಂದೇ, ನೀರು ಅವರ ಹೊಲವನ್ನೇ ಕೊರೆಯುತ್ತೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಈ ಲೆಕ್ಕ ಕೆಂಪು ಮಣ್ಣಿನ, ಕಡಿಮೆ ಮಳೆಯ ಜಮೀನಿಗೆ. ಎರೆ ಮಣ್ಣಿಗೆ ಇದನ್ನೇ ಹಾಕಬೇಡಿ. ಅಲ್ಲಿ ನೀರು ಇಂಗದೆ ನಿಂತು ಬೆಳೆ ಕೊಳೆಯುತ್ತೆ, ಬೇಸಿಗೆಯಲ್ಲಿ ಬದು ಬಿರುಕು ಬಿಟ್ಟು ಮಳೆಗೆ ಒಡೆಯುತ್ತೆ. ಅಲ್ಲಿ ನೂರು ಅಡಿಗೆ ಎರಡರಿಂದ ಐದು ಇಂಚು ಓಟ ಕೊಟ್ಟ ಬದು ಬೇಕು, ನೀರು ನಿಧಾನಕ್ಕೆ ಹೊರಗೆ ಹೋಗಲಿ ಅಂತ. ಇಳಿಜಾರು ಶೇಕಡಾ 6 ದಾಟಿದ ಗುಡ್ಡಕ್ಕೂ ಈ ಬದು ಆಗಲ್ಲ. ಅಲ್ಲಿ ಸಮಪಾತಳಿ ಕಂದಕ, ಹುಲ್ಲು, ಗಿಡ.

ಕೆಲಸ ಸರಿಯಾಗಿದೆಯಾ ಅಂತ ತಿಳಿಯೋಕೆ ಮೊದಲ ಜೋರು ಮಳೆಯ ಮಾರನೇ ದಿನ ಹೊಲಕ್ಕೆ ಹೋಗಿ. ಬದುವಿನ ಉದ್ದಕ್ಕೂ ನೀರಿನ ಗೆರೆ ಒಂದೇ ಎತ್ತರದಲ್ಲಿದ್ದರೆ ಮಟ್ಟ ಸರಿ. ಒಂದೇ ಮೂಲೆಯಲ್ಲಿ ಗೆರೆ, ಅಲ್ಲೇ ಮೆಕ್ಕಲು ಇದ್ದರೆ ಅದು ಒಡೆಯುವ ಜಾಗ, ಅವತ್ತೇ ಎತ್ತರಿಸಿ. ಹೊಸ ಮಣ್ಣು ಕುಸಿದೇ ಕುಸಿಯುತ್ತೆ. ದಮ್ಮಸ್ಸು ಮಾಡದ ಬದು ಎಲ್ಲಿ ತಗ್ಗಾಗಿದೆ ಅಂತ ಕಣ್ಣಿಗೇ ಕಾಣುತ್ತೆ.

ಹೋರಾಟದ ಗೆಳೆಯರಿಗೆ ನನ್ನ ಬೇಡಿಕೆ ಇದು. ಜಲಾನಯನದ ಕ್ರಿಯಾ ಯೋಜನೆ ಗ್ರಾಮಸಭೆಗೆ ಬಂದಾಗ "ನಮ್ಮ ಕೇರಿಗೆ ಎಷ್ಟು ಲಕ್ಷ" ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ನಕ್ಷೆ ಕೇಳಿ, ಅದರಲ್ಲಿ ನಮ್ಮ ಸರ್ವೆ ನಂಬರ್ ಎಲ್ಲಿದೆ ನೋಡಿ. ಬಗರ್ ಹುಕುಂ ಅರ್ಜಿ ಹಾಕಿ ಪಹಣಿ ಬಾರದೆ ಕೂತಿರೋ ತುಂಡುಗಳು ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದಾರಾ ಕೇಳಿ. ಪಹಣಿ ಇಲ್ಲ ಅಂತ ನೀರು ಆ ಹೊಲ ಬಿಟ್ಟು ಸುತ್ತಿ ಹೋಗಲ್ಲ. ಯಾವ ಕೆಲಸ ಮೊದಲು, ಯಾವುದು ನಂತರ ಅಂತ ತಾರೀಖು ಸಮೇತ ಬರೆಸಿ. ಪ್ರತಿ ಕೋಡಿಯ ನೀರು ಯಾರ ಜಮೀನಿನಿಂದ ಹಳ್ಳಕ್ಕೆ ಹೋಗುತ್ತೆ ಅಂತ ಕೆಲಸಕ್ಕೆ ಮುಂಚೆ ಲಿಖಿತ ಒಪ್ಪಿಗೆ ಪಡೆಸಿ. ಗುಡ್ಡದ ಕಂದಕ, ಮೇಲಿನ ತುಂಡುಗಳ ಬದು ಮುಗಿದು ಅಳತೆ ಪುಸ್ತಕದಲ್ಲಿ ದಾಖಲಾಗುವ ತನಕ ಚೆಕ್ ಡ್ಯಾಮಿನ ಅಂದಾಜುಪಟ್ಟಿಗೆ ಒಪ್ಪಿಗೆ ಕೊಡಬೇಡಿ.

ಈ ತಿಂಗಳ ಗ್ರಾಮಸಭೆಗೆ ಹೋಗೋರು ಹತ್ತು ಮೀಟರ್ ಪೈಪು, ಎರಡು ಕೋಲು ತಗೊಂಡೇ ಹೋಗಿ. ಬದು ಮಟ್ಟದಲ್ಲಿದೆ ಅಂತ ಯಾರಾದರೂ ಹೇಳಿದರೆ, ಬನ್ನಿ ಸಾರ್ ಹೊಲಕ್ಕೆ ಹೋಗಿ ಹಿಡಿದು ನೋಡೋಣ ಅನ್ನಿ.