ಕೈಗಿತ್ತ ಪತ್ರವನ್ನು ಓದುವವರು ಯಾರು?

ಉದ್ಯೋಗ ಮೇಳಕ್ಕೆ ಹೊರಟ ಯುವಕರ ಕಡತದಲ್ಲಿ ಬಯೋಡೇಟಾದ ಮೇಲೊಂದು ಪುಟದ ಅರ್ಜಿ ಪತ್ರ ಇದ್ದೇ ಇರುತ್ತದೆ. ಎಷ್ಟೋ ಸಲ ಅದು ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿರುವ ಮಾದರಿ. 'ನಾನು ಪ್ರಾಮಾಣಿಕನು, ಶ್ರಮಜೀವಿಯು, ಅವಕಾಶ ಕೊಟ್ಟರೆ ತೃಪ್ತಿಯಾಗುವಂತೆ ದುಡಿಯುವೆನು' ಎಂಬ ವಾಕ್ಯಗಳ ಕೆಳಗೆ ಹೆಸರು ಮಾತ್ರ ಬದಲಾಗುತ್ತದೆ. ಹೆಸರನ್ನು ಬೆರಳಿನಿಂದ ಮುಚ್ಚಿ ನೋಡಿ. ಪಕ್ಕದ ಮನೆಯ ಹುಡುಗನೂ ಅದಕ್ಕೆ ಸಹಿ ಹಾಕಬಹುದಾದರೆ ಅದು ನಿಮ್ಮ ಮಗನ ಪತ್ರವಲ್ಲ.

ಈ ಪತ್ರವನ್ನು ಓದುವವರು ಯಾರು? 2024ರ ಫೆಬ್ರವರಿ 26 ಮತ್ತು 27ರಂದು ರಾಜ್ಯ ಸರಕಾರವು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಸಿದ ಯುವ ಸಮೃದ್ಧಿ ಸಮ್ಮೇಳನದಂತಹ ದೊಡ್ಡ ಮೇಳಗಳಲ್ಲಿ ಮೇಜಿನ ಹಿಂದೆ ಕುಳಿತವರಿಗೆ ಅದನ್ನು ಓದುವ ಪುರುಸೊತ್ತಿರುವುದಿಲ್ಲ. ಅವರು ಎರಡು ಪ್ರಶ್ನೆ ಕೇಳಿ ಕಾಗದವನ್ನು ಕಟ್ಟಿಗೆ ಸೇರಿಸುತ್ತಾರೆ. ಚಿಕ್ಕಬಾಣಾವರದ ಹುಡುಗರು ನೇರ ಸಂದರ್ಶನಕ್ಕೆ ಹೋಗುವ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಪ್ರತ್ಯೇಕ ನೇಮಕಾತಿ ವಿಭಾಗವೂ ಇರುವುದು ಅಪರೂಪ. ಕಚೇರಿಯವರು ಪಡೆದ ಪತ್ರವನ್ನು ಸಂಜೆ ಮಾಲಿಕರೋ ಸೂಪರ್‌ವೈಸರೋ ತಿರುವಿಹಾಕುತ್ತಾರೆ. ಅವರು ಹುಡುಗನ ಮುಖವನ್ನೇ ಕಂಡವರಲ್ಲ. ಆದ್ದರಿಂದ ಪತ್ರವು ನಿಮ್ಮನ್ನು ಕಾಣದವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಯಾವ ಕೆಲಸಕ್ಕೆ ಬಂದವನು, ಯಾವ ಯಂತ್ರ ಬಲ್ಲ, ಯಾವ ಪಾಳಿಗೆ ಬರಬಲ್ಲ, ಎಂದಿನಿಂದ ಬರುತ್ತಾನೆ ಎಂಬುದಷ್ಟೇ ಅವರಿಗೆ ಬೇಕಾದುದು.

ಐಟಿಐಯಲ್ಲಿ ಟರ್ನರ್ ಮುಗಿಸಿ ಎರಡು ವರ್ಷ ದುಡಿದ ಚಿಕ್ಕಬಾಣಾವರದ ಯುವಕನೊಬ್ಬನನ್ನು ಊಹಿಸಿಕೊಳ್ಳೋಣ. ಅವನು 'ಸಿಎನ್‌ಸಿ ಗೊತ್ತಿದೆ' ಎಂದು ಬರೆದರೆ ಸೂಪರ್‌ವೈಸರಿಗೆ ಏನೂ ತಿಳಿಯುವುದಿಲ್ಲ. ಜಾಬ್ ಹಾಕಿ ತೆಗೆಯುವ ಆಪರೇಟರ್ ಬೇರೆ, ಟೂಲ್ ಕಟ್ಟಿ ಅಳತೆಗೆ ತರುವ ಸೆಟ್ಟರ್ ಬೇರೆ, ಪ್ರೋಗ್ರಾಂ ಬರೆಯುವವನು ಬೇರೆ, ಸಂಬಳವೂ ಬೇರೆ. ಆತ ಹೀಗೆ ಬರೆಯಲಿ: 'ಸಿಎನ್‌ಸಿ ಲೇತ್ ಆಪರೇಟರ್ ಹುದ್ದೆಗೆ ಬಂದಿದ್ದೇನೆ. ಎರಡು ವರ್ಷ ಸಿಎನ್‌ಸಿ ಲೇತ್‌ನಲ್ಲಿ ದುಡಿದಿದ್ದೇನೆ. ಟೂಲ್ ಬದಲಿಸಿ ಆಫ್‌ಸೆಟ್ ಕೊಡಬಲ್ಲೆ. ಮೈಕ್ರೋಮೀಟರಿನಲ್ಲಿ 0.01 ಮಿ.ಮೀ.ವರೆಗೆ ಅಳೆಯಬಲ್ಲೆ. ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಮನೆ ಚಿಕ್ಕಬಾಣಾವರದಲ್ಲಿ, ಬೈಕ್ ಇದೆ, ರಾತ್ರಿ ಪಾಳಿಗೂ ಬರಬಲ್ಲೆ. ಮುಂದಿನ ತಿಂಗಳ 1ರಿಂದ ಸೇರಬಲ್ಲೆ.'

ಬಾರದ್ದನ್ನು ಬಾರದೆಂದು ಬರೆದರೆ ಕೆಲಸ ತಪ್ಪುವುದೆಂದು ಹೆತ್ತವರು ಹೆದರುತ್ತಾರೆ. ಆದರೆ ಯಂತ್ರದ ಮುಂದೆ ನಿಲ್ಲಿಸಿ ಒಂದು ಜಾಬ್ ಮಾಡಿಸಿದರೆ ಸುಳ್ಳು ಅಲ್ಲಿಯೇ ಹೊರಬೀಳುತ್ತದೆ. ಬಾರದ್ದನ್ನು ಒಪ್ಪಿಕೊಂಡ ಪತ್ರದಲ್ಲಿ ಉಳಿದ ಮಾತುಗಳಿಗೂ ತೂಕ ಬರುತ್ತದೆ. ಊರಿನ ಹೆಸರೂ ವ್ಯರ್ಥವಲ್ಲ. ಚಿಕ್ಕಬಾಣಾವರವು ಪೀಣ್ಯಕ್ಕೆ ಸಮೀಪ. ತಡರಾತ್ರಿ ಪಾಳಿ ಮುಗಿದ ಮೇಲೂ ಮನೆ ಸೇರಬಲ್ಲವನು ಎಂಬುದನ್ನು ಅದು ತಿಳಿಸುತ್ತದೆ.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಹೆಸರಿನ ವಿಷಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್ ಎಂದಿದ್ದುದು ಆಧಾರ್‌ನಲ್ಲಿ ಎಂ.ಡಿ. ಎಂಬ ಎರಡಕ್ಷರವಾಗಿರುತ್ತದೆ, ಐಟಿಐ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಜೊತೆಗೂಡಿರುತ್ತದೆ. ಓದುವವನಿಗೆ ಇದು ಮೂವರ ಕಾಗದಗಳೆಂಬಂತೆ ಕಾಣುತ್ತದೆ. ಕೆಲಸ ಸಿಕ್ಕಿದ ಮೇಲೂ ಭವಿಷ್ಯ ನಿಧಿಯ ಖಾತೆಯ ಹೆಸರು ಆಧಾರ್‌ಗೆ ಹೊಂದದಿದ್ದರೆ ಹಣ ಪಡೆಯುವಾಗ ತೊಡಕಾಗುತ್ತದೆ. ಆದುದರಿಂದ ಪತ್ರದಲ್ಲಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಬರೆಯಲಿ. ವ್ಯತ್ಯಾಸವಿದ್ದರೆ 'ಆಧಾರ್‌ನಲ್ಲಿ ಹೀಗಿದೆ, ಇಬ್ಬರೂ ಒಬ್ಬನೇ' ಎಂದು ಒಂದು ಸಾಲು ಸೇರಿಸಲಿ. ಬಳಿಕ ತಿದ್ದುಪಡಿಯನ್ನೂ ಮಾಡಿಸಲಿ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡೇ ಬಾರಿ ಬದಲಿಸಬಹುದಾದ್ದರಿಂದ ಕಾಗುಣಿತವನ್ನು ಅಂಕಪಟ್ಟಿಯೊಡನೆ ಹೋಲಿಸಿ ನೋಡುವುದು ಅಗತ್ಯ.

ಪತ್ರವನ್ನು ಕೊಡುವಾಗಲೂ ಎಚ್ಚರ ಬೇಕು. ಪಿನ್ ಕಳಚಿ ಪತ್ರವೂ ಬಯೋಡೇಟಾವೂ ಬೇರೆಯಾಗುವುದುಂಟು. ಎರಡರಲ್ಲೂ ಹೆಸರು, ಹುದ್ದೆ, ಸದಾ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಇರಲಿ. ಮೂಲ ಅಂಕಪಟ್ಟಿಯನ್ನು ತೋರಿಸಿ ಹಿಂದಕ್ಕೆ ಪಡೆಯಬೇಕು, ಕೊಟ್ಟು ಬರುವುದು ಜೆರಾಕ್ಸ್ ಮಾತ್ರ. ಪತ್ರದ ಇನ್ನೊಂದು ಪ್ರತಿಯ ಹಿಂಬದಿಯಲ್ಲಿ ಸ್ವೀಕರಿಸಿದವರ ಹೆಸರು ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡರೆ ವಾರದ ಬಳಿಕ ಯಾರನ್ನು ವಿಚಾರಿಸಬೇಕೆಂದು ತಿಳಿದಿರುತ್ತದೆ.

ಮೇಳಕ್ಕೆ ವಾಹನದ ವ್ಯವಸ್ಥೆ ಮಾಡುವ ನಮ್ಮ ಜಮಾಅತ್ ಸಮಿತಿಗಳು ಹಿಂದಿನ ಸಂಜೆ ಕಾರ್ಖಾನೆಯಲ್ಲಿ ದುಡಿಯುವ ಹಿರಿಯರೊಬ್ಬರನ್ನು ಕೂರಿಸಿ ಆ ಪತ್ರಗಳನ್ನು ಓದಿಸಲಿ. 'ಇವನಿಗೆ ಯಾವ ಯಂತ್ರ ಕೊಡಬಹುದು?' ಎಂದು ಅವರನ್ನು ಕೇಳಲಿ. ಅವರು ಪತ್ರ ನೋಡಿ ಉತ್ತರಿಸಲಾರದಿದ್ದರೆ ಅದನ್ನು ಆ ರಾತ್ರಿಯೇ ಮತ್ತೆ ಬರೆಯಬೇಕು.