ಬಣ್ಣ ಕಾಣದ ಕಾನೂನು, ಬಣ್ಣ ನೋಡುವ ಕಣ್ಣು

ಮನುಷ್ಯನನ್ನು ಮೈಬಣ್ಣದಿಂದ ಅಳೆಯಬಾರದು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸರಕಾರದ ಕಡತಗಳಿಂದ ಬಣ್ಣವನ್ನು ಅಳಿಸಿದ ಮಾತ್ರಕ್ಕೆ ಬಣ್ಣದ ಹೆಸರಿನ ಅನ್ಯಾಯವೂ ಅಳಿದೀತೇ? ಈ ಪ್ರಶ್ನೆಯನ್ನು ಫ್ರಾನ್ಸಿನ ಅನುಭವದ ಬೆಳಕಿನಲ್ಲಿ ಪರಿಶೀಲಿಸೋಣ.

ಮೂಲ, ಜನಾಂಗ, ಧರ್ಮಗಳ ಭೇದವಿಲ್ಲದೆ ಎಲ್ಲ ಪ್ರಜೆಗಳೂ ಕಾನೂನಿನ ಮುಂದೆ ಸಮಾನರೆಂದು 1958ರ ಫ್ರೆಂಚ್ ಸಂವಿಧಾನ ಸಾರುತ್ತದೆ. ಅಲ್ಲಿನ ಜನಗಣತಿ ಜನಾಂಗವನ್ನು ಕೇಳುವುದಿಲ್ಲ. 1978ರ ಕಾನೂನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಅಂತಹ ಮಾಹಿತಿಯ ಸಂಗ್ರಹವನ್ನೇ ನಿಷೇಧಿಸಿದೆ. ಪ್ರಜೆಯನ್ನು ಪ್ರಜೆಯಾಗಿ ಮಾತ್ರ ಕಾಣಬೇಕೆಂಬುದು ಇದರ ಆಶಯ.

ಈ ಆಶಯದ ಹಿಂದೆ ಒಂದು ಕಹಿ ನೆನಪೂ ಇದೆ. 1940ರಲ್ಲಿ, ಜರ್ಮನರ ಆಕ್ರಮಣದ ಕಾಲದಲ್ಲಿ, ಪ್ಯಾರಿಸಿನ ಯಹೂದಿಗಳ ಹೆಸರು, ವಿಳಾಸಗಳನ್ನು ಪೊಲೀಸರು ದಾಖಲಿಸಿಕೊಂಡರು. 1942ರ ಜುಲೈನಲ್ಲಿ ಅದೇ ದಾಖಲೆಗಳನ್ನು ಹಿಡಿದು ಸುಮಾರು 13,000 ಜನರನ್ನು ಬಂಧಿಸಲಾಯಿತು. ಪಟ್ಟಿಯೇ ಬಲೆಯಾದೀತೆಂಬ ಭಯ ಆಧಾರರಹಿತವಲ್ಲ.

ಆದರೆ ವಿಮರ್ಶಕರ ವಾದವೂ ಅಷ್ಟೇ ಗಟ್ಟಿಯಾಗಿದೆ. ಬೀದಿಯಲ್ಲಿ ಗುರುತಿನ ಚೀಟಿ ಕೇಳುವ ಪೊಲೀಸನ ಕಣ್ಣಿಗೆ ಬಣ್ಣ ಕಾಣುತ್ತದೆ. ತಪಾಸಣೆಯ ದಾಖಲೆಯನ್ನು ಮಾತ್ರ ಇಡುವುದಿಲ್ಲ. ಹಾಗಾಗಿ ದೂರಿಗೆ ಆಧಾರವಿರಲಿಲ್ಲ. ಸಮಾಜಶಾಸ್ತ್ರಜ್ಞರಾದ ಫ್ಯಾಬಿಯನ್ ಜೊಬಾರ್ ಮತ್ತು ರೆನೆ ಲೆವಿ ಅವರ ತಂಡ ಪ್ಯಾರಿಸಿನ ಗಾರ್ ದು ನೋರ್ ಹಾಗೂ ಶಾತಲೆ ನಿಲ್ದಾಣಗಳ ಆಸುಪಾಸಿನ ಐದು ಕಡೆ ಸದ್ದಿಲ್ಲದೆ ನಿಂತಿತು. ಮೊದಲು ಅಲ್ಲಿ ಓಡಾಡುವವರಲ್ಲಿ ಯಾರು ಎಷ್ಟು ಎಂದು ನೋಟದಿಂದಲೇ ಎಣಿಸಿತು. ಬಳಿಕ ಪೊಲೀಸರು ತಡೆದ ಐದುನೂರಕ್ಕೂ ಹೆಚ್ಚು ಮಂದಿಯನ್ನು ಗುರುತು ಹಾಕಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಿಳಿಯರಿಗೆ ಹೋಲಿಸಿದರೆ ಕಪ್ಪುವರ್ಣೀಯರು ತಡೆಯಲ್ಪಡುವ ಸಾಧ್ಯತೆ ಸುಮಾರು ಆರು ಪಟ್ಟು, ಅರಬರದ್ದು ಎಂಟು ಪಟ್ಟಿನ ಸನಿಹ. ಯುವಜನರ ಶೈಲಿಯ ಉಡುಪು ಧರಿಸಿದವರೂ ಹೆಚ್ಚಾಗಿ ತಡೆಯಲ್ಪಟ್ಟಿದ್ದರು, ಆ ಉಡುಪು ಈ ಸಮುದಾಯಗಳಲ್ಲೇ ಹೆಚ್ಚಾಗಿತ್ತು. ಆದ್ದರಿಂದ ಎಷ್ಟು ಪಾಲು ಬಣ್ಣದ್ದು, ಎಷ್ಟು ಬಟ್ಟೆಯದು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಎಣಿಸದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಜನಾಂಗದ ಬದಲು ತಂದೆತಾಯಿಯ ಜನ್ಮಸ್ಥಳವನ್ನು ಕೇಳುವ ಸಮೀಕ್ಷೆಗಳು ಅಲ್ಲಿವೆ. ಅಲ್ಜೀರಿಯಾದಿಂದ ಬಂದವನ ಮಗ ಅದರಲ್ಲಿ ಕಾಣಸಿಗುತ್ತಾನೆ. ಮೊಮ್ಮಗನ ತಂದೆತಾಯಿಯರು ಫ್ರಾನ್ಸಿನಲ್ಲೇ ಹುಟ್ಟಿದ್ದರೆ ಅವನು ಲೆಕ್ಕದಿಂದ ಮರೆಯಾಗುತ್ತಾನೆ. ಅವನ ಹೆಸರು ಮತ್ತು ಮೈಬಣ್ಣ ಮಾತ್ರ ಉದ್ಯೋಗದಾತನ ಕಣ್ಣಿನಿಂದ ಮರೆಯಾಗುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಹೆಸರು, ವಿಳಾಸವಿರುವ ಪಟ್ಟಿ ಬೇರೆ, ಹೆಸರಿಲ್ಲದ ಎಣಿಕೆ ಬೇರೆ. ಮೊದಲನೆಯದು ಜನರನ್ನು ಅಧಿಕಾರದ ಕೈಗೆ ಒಪ್ಪಿಸುತ್ತದೆ; ಎರಡನೆಯದು ಅಧಿಕಾರವನ್ನು ಜನರ ಮುಂದೆ ನಿಲ್ಲಿಸುತ್ತದೆ. ಮೊದಲನೆಯದರ ಭಯದಿಂದ ಎರಡನೆಯದನ್ನೂ ಕೈಬಿಟ್ಟರೆ ಲಾಭವಾಗುವುದು ಭೇದ ಮಾಡುವವನಿಗೇ ಹೊರತು ಅದನ್ನು ಅನುಭವಿಸುವವನಿಗಲ್ಲ.