ಪಾಠದಲ್ಲಿ ಮರೆತುಹೋಗುವ ತಂತಿ

ಒಂದು ದೊಡ್ಡ ಲೋಹಗೋಳ, ಒಂದು ಸಣ್ಣ ಲೋಹಗೋಳ, ಇವೆರಡನ್ನು ಕೂಡಿಸುವ ಒಂದು ತೆಳುವಾದ ತಂತಿ: ಸ್ಥಿರವಿದ್ಯುತ್ತಿನ ಪಾಠವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಚಿತ್ರ ಪರಿಚಿತವಾದುದೇ. ಲೆಕ್ಕವನ್ನು ಮುಗಿಸಿದೊಡನೆ, “ಆದುದರಿಂದ ವಾಹಕದ ಮೊನೆಯಾದ ಭಾಗದಲ್ಲಿ ವಿದ್ಯುತ್ ಕ್ಷೇತ್ರ ಪ್ರಬಲವಾಗಿರುತ್ತದೆ” ಎಂಬ ತೀರ್ಮಾನವನ್ನು ಬರೆದು ಕೆಳಗೆ ಗೆರೆ ಎಳೆಯುವುದು ವಾಡಿಕೆ. ಲೆಕ್ಕ ಸರಿಯಾದುದು. ತೀರ್ಮಾನವೂ ಬಹುಮಟ್ಟಿಗೆ ಸರಿಯಾದುದೇ. ಆದರೆ ಲೆಕ್ಕದಿಂದ ತೀರ್ಮಾನಕ್ಕೆ ಹಾಗೆ ಒಮ್ಮೆಗೇ ನೆಗೆಯುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಏಕೆಂಬುದನ್ನು ಒಂದು ಉದಾಹರಣೆಯಿಂದಲೇ ನೋಡೋಣ.

ದೊಡ್ಡ ಗೋಳದ ತ್ರಿಜ್ಯ 10 ಸೆಂಟಿಮೀಟರ್, ಸಣ್ಣದರ ತ್ರಿಜ್ಯ 1 ಸೆಂಟಿಮೀಟರ್ ಇರಲಿ. ಎರಡಕ್ಕೂ ಒಟ್ಟಾಗಿ 110 ನ್ಯಾನೊಕೂಲಂಬ್‌ನಷ್ಟು ವಿದ್ಯುದಂಶವನ್ನು ಕೊಟ್ಟಿದ್ದೇವೆ ಎಂದುಕೊಳ್ಳೋಣ. ತಂತಿಯಿಂದ ಕೂಡಿದ ವಾಹಕಗಳಲ್ಲಿ ವಿದ್ಯುದಂಶವು ಎರಡರ ವಿಭವವೂ ಒಂದೇ ಆಗುವವರೆಗೆ ಹರಿಯುತ್ತದೆ, ಸಮವಾದೊಡನೆ ನಿಲ್ಲುತ್ತದೆ. ಒಂಟಿಯಾಗಿ ನಿಂತ ಗೋಳದ ವಿಭವ V = kQ/R. ಎರಡು ಗೋಳಗಳಿಗೂ V ಸಮನಾಗಬೇಕಾದರೆ Q ಎಂಬುದು R ಗೆ ಅನುಪಾತದಲ್ಲಿರಬೇಕು. ಆದುದರಿಂದ ದೊಡ್ಡ ಗೋಳಕ್ಕೆ 100, ಸಣ್ಣದಕ್ಕೆ 10 ನ್ಯಾನೊಕೂಲಂಬ್ ದೊರೆಯುತ್ತದೆ. ಎರಡರ ವಿಭವವೂ 9,000 ವೋಲ್ಟ್ ಆಗುತ್ತದೆ.

ಇನ್ನು ಮೇಲ್ಮೈಯಲ್ಲಿನ ಕ್ಷೇತ್ರವನ್ನು ನೋಡೋಣ. ಗೋಳದ ಮೇಲ್ಮೈಯಲ್ಲಿ E = V/R. ದೊಡ್ಡ ಗೋಳದ ಮೇಲೆ ಸೆಂಟಿಮೀಟರಿಗೆ 900 ವೋಲ್ಟ್. ಸಣ್ಣದರ ಮೇಲೆ ಸೆಂಟಿಮೀಟರಿಗೆ 9,000 ವೋಲ್ಟ್. ಸಣ್ಣ ಗೋಳಕ್ಕೆ ದೊರೆತ ಪಾಲು ಹತ್ತರಲ್ಲಿ ಒಂದಾದರೂ ಅದರ ಮೇಲಿನ ಕ್ಷೇತ್ರ ಹತ್ತು ಪಟ್ಟು ಹೆಚ್ಚು! ಇದರಲ್ಲಿ ವಿರೋಧವೇನೂ ಇಲ್ಲ. ವಿದ್ಯುದಂಶ ಹತ್ತನೆಯ ಒಂದು ಪಾಲಾಯಿತು, ನಿಜ. ಆದರೆ ಅದು ಹರಡಿಕೊಳ್ಳಬೇಕಾದ ಮೇಲ್ಮೈ ನೂರನೆಯ ಒಂದು ಪಾಲಾಗಿದೆ. ಆದುದರಿಂದಲೇ ಅಲ್ಲಿನ ಸಾಂದ್ರತೆ ಹತ್ತು ಪಟ್ಟಾಯಿತು. “ಮೊನೆಯಲ್ಲಿ ವಿದ್ಯುದಂಶ ಹೆಚ್ಚು ಸೇರುತ್ತದೆ” ಎಂದು ಕೆಲವರು ಹೇಳುವುದುಂಟು. ಹೆಚ್ಚಾದುದು ವಿದ್ಯುದಂಶವಲ್ಲ, ಅದರ ಸಾಂದ್ರತೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಇಲ್ಲಿಯವರೆಗೆ ಎಲ್ಲವೂ ಸುಗಮ. ಆದರೆ ಒಂಟಿ ಗೋಳದ ಸೂತ್ರವನ್ನು ನಾವು ಜೊತೆಯಲ್ಲಿರುವ ಎರಡು ಗೋಳಗಳಿಗೆ ಬಳಸಿದೆವಲ್ಲ, ಅದಕ್ಕೆ ನಮಗೆ ಅಧಿಕಾರ ಕೊಟ್ಟವರು ಯಾರು? ಗೋಳಗಳ ನಡುವಣ ದೂರವೇ ಆ ಅಧಿಕಾರವನ್ನು ಕೊಟ್ಟಿತು. ಗೋಳಗಳ ಕೇಂದ್ರಗಳು ಒಂದು ಮೀಟರ್ ದೂರದಲ್ಲಿದ್ದರೆ, ದೊಡ್ಡ ಗೋಳದ 100 ನ್ಯಾನೊಕೂಲಂಬ್, ಸಣ್ಣ ಗೋಳವಿರುವ ಸ್ಥಳದಲ್ಲಿ ತಾನಾಗಿಯೇ 900 ವೋಲ್ಟಿನ ವಿಭವವನ್ನು ಉಂಟುಮಾಡುತ್ತದೆ. ಹಾಗಾದರೆ 9,000 ವೋಲ್ಟನ್ನು ಮುಟ್ಟಲು ಸಣ್ಣ ಗೋಳವು ತನ್ನ ವಿದ್ಯುದಂಶದಿಂದ ಗಳಿಸಬೇಕಾದುದು ಸುಮಾರು 8,100 ವೋಲ್ಟ್ ಮಾತ್ರ. ಅದಕ್ಕೆ 10 ನ್ಯಾನೊಕೂಲಂಬ್ ಬೇಡ, 9 ಸಾಕು. ಒಂದು ಮೀಟರ್ ದೂರದಲ್ಲಿಯೇ ನಮ್ಮ ಉತ್ತರ ನೂರಕ್ಕೆ ಹತ್ತರಷ್ಟು ತಪ್ಪಿತು. ದೂರ ಕಡಿಮೆಯಾದಂತೆಲ್ಲ ತಪ್ಪು ಬೆಳೆಯುತ್ತದೆ.

ಈಗ ತಂತಿಯನ್ನು ಕಿತ್ತುಹಾಕಿ, ಗೋಳಗಳನ್ನು ಒಂದಕ್ಕೊಂದು ತಾಗಿಸಿ ಇಡೋಣ. ಈಗಲೂ ಅವು ಒಂದೇ ವಾಹಕ. ಈಗಲೂ ವಿಭವ ಸಮ. ಹಾಗಾದರೆ ಹಂಚಿಕೆಯೂ ಮೊದಲಿನಂತೆಯೇ ಇರಬೇಕಲ್ಲವೆ? ಇರುವುದಿಲ್ಲ. ಫ್ರಾನ್ಸಿನ ಕೂಲಂಬ್ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂತಹ ಜೋಡಿಗಳ ಮೇಲೆ ಪ್ರಯೋಗ ನಡೆಸಿದನು. ಸಣ್ಣ ಗೋಳವನ್ನು ಎಷ್ಟೇ ಚಿಕ್ಕದಾಗಿ ಮಾಡಿದರೂ ಅದರ ಸರಾಸರಿ ಸಾಂದ್ರತೆ ದೊಡ್ಡದರ ಎರಡು ಪಟ್ಟನ್ನು ಮೀರದೆಂದು ಕಂಡನು. 1812ರಲ್ಲಿ ಪ್ವಾಸೋನ್ ಗಣಿತದಿಂದ ಈ ಮಿತಿಯನ್ನು ನಿಖರವಾಗಿ ಪಡೆದನು. ಅದು π²/6, ಎಂದರೆ ಸುಮಾರು 1.65. ನಮ್ಮ ಉದಾಹರಣೆಯಲ್ಲಿ ತಂತಿಯಿದ್ದಾಗ ಸಾಂದ್ರತೆ ಹತ್ತು ಪಟ್ಟಾಗಿತ್ತು. ತಾಗಿಸಿದಾಗ ಸರಾಸರಿ ಒಂದೂಮುಕ್ಕಾಲು ಪಟ್ಟೂ ಇಲ್ಲ. ಸಣ್ಣ ಗೋಳದ ಪಾಲು 10 ನ್ಯಾನೊಕೂಲಂಬ್‌ನಿಂದ 2ಕ್ಕಿಂತ ಕೆಳಗೆ ಇಳಿಯುತ್ತದೆ. ತ್ರಿಜ್ಯಗಳು ಅವೇ, ವಿಭವದ ಸಮತೆಯೂ ಅದೇ. ಬದಲಾದುದು ನೆರೆಹೊರೆ ಮಾತ್ರ.

ಕಾರಣ ಕಷ್ಟವಾದುದಲ್ಲ. ದೊಡ್ಡ ಗೋಳದ ಪಕ್ಕದಲ್ಲಿಯೇ ಇರುವ ಸಣ್ಣ ಗೋಳಕ್ಕೆ ಬೇಕಾದ ವಿಭವದ ಬಹುಭಾಗ ದೊಡ್ಡದರಿಂದಲೇ ಒದಗುತ್ತದೆ. ತನ್ನದೆಂದು ಅದು ಸೇರಿಸಬೇಕಾದುದು ಅತ್ಯಲ್ಪ. ದೊಡ್ಡ ಮರದ ನೆರಳಿನಲ್ಲಿ ಬೆಳೆದ ಗಿಡದಂತೆ ಅದು ಸೊರಗುತ್ತದೆ. ತಾಗಿದ ಬಿಂದುವಿನಲ್ಲಂತೂ ಸಾಂದ್ರತೆ ಸೊನ್ನೆ. ಅಲ್ಲಿಂದ ದೂರ ಸರಿದಂತೆ ಅದು ಹೆಚ್ಚುತ್ತ, ಸಣ್ಣ ಗೋಳದ ಹೊರತುದಿಯಲ್ಲಿ ಅತ್ಯಧಿಕವಾಗುತ್ತದೆ. ಇಡೀ ಸಣ್ಣ ಗೋಳದ ಬಾಗು ಒಂದೇ ಆಗಿದ್ದರೂ ಅದರ ಮೇಲಿನ ಕ್ಷೇತ್ರ ಎಲ್ಲೆಡೆಯೂ ಒಂದೇ ಅಲ್ಲ! ಮೇಲ್ಮೈಯ ಬಾಗೊಂದೇ ಕ್ಷೇತ್ರವನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಇದರಿಂದ ತಂತಿಯು ಚಿತ್ರದ ಅಲಂಕಾರವಲ್ಲವೆಂದು ತಿಳಿಯುತ್ತದೆ. ಅದು ಉದ್ದವಾಗಿದ್ದರೆ ಮಾತ್ರ ಗೋಳಗಳು ಪರಸ್ಪರ ಪ್ರಭಾವದಿಂದ ಬಿಡುಗಡೆ ಹೊಂದುತ್ತವೆ. ತೆಳುವಾಗಿದ್ದರೆ ಮಾತ್ರ ಅದು ತನಗಾಗಿ ಹಿಡಿದಿಟ್ಟುಕೊಳ್ಳುವ ವಿದ್ಯುದಂಶ ಕಡಿಮೆಯಾಗುತ್ತದೆ. ಆದರೆ ನಿಜವಾದ ತಂತಿ ಇಲ್ಲಿಯೂ ನಮ್ಮನ್ನು ಸತಾಯಿಸುತ್ತದೆ. 1 ಸೆಂಟಿಮೀಟರ್ ತ್ರಿಜ್ಯದ ಗೋಳದ ಧಾರಕತೆ ಸುಮಾರು 1.1 ಪೈಕೊಫ್ಯಾರಡ್. ಒಂದು ಮೀಟರ್ ಉದ್ದದ, ಮಿಲಿಮೀಟರಿನ ಹತ್ತನೆಯ ಒಂದು ಭಾಗ ತ್ರಿಜ್ಯವುಳ್ಳ ತಂತಿಯ ಧಾರಕತೆಯೇ ಸುಮಾರು 6 ಪೈಕೊಫ್ಯಾರಡ್ ಆಗುತ್ತದೆ. ಲೆಕ್ಕದಲ್ಲಿ ನಾವು ಗಣನೆಗೇ ತೆಗೆದುಕೊಳ್ಳದ ತಂತಿ ಸಣ್ಣ ಗೋಳಕ್ಕಿಂತ ಹೆಚ್ಚು ವಿದ್ಯುದಂಶವನ್ನು ನುಂಗಿ ಕುಳಿತಿರುತ್ತದೆ. ತಂತಿಯನ್ನು ಇನ್ನೂ ತೆಳುವಾಗಿ ಮಾಡಿದರೂ ಈ ಧಾರಕತೆ ಬಹಳ ನಿಧಾನವಾಗಿ ಇಳಿಯುತ್ತದೆ. ಆದುದರಿಂದ ಪಾಠದ ಅಂಕಿಗಳು ಪ್ರಯೋಗಶಾಲೆಯಲ್ಲಿ ಹಾಗೆಯೇ ದೊರೆಯಲಿಲ್ಲವೆಂದು ಯಾರೂ ಬೆರಗಾಗಬೇಕಿಲ್ಲ.

ಹಾಗಾದರೆ ಈ ಲೆಕ್ಕವನ್ನು ಪಾಠದಿಂದ ತೆಗೆದುಹಾಕಬೇಕೆ? ಖಂಡಿತವಾಗಿಯೂ ಬೇಡ. ವಿಭವ ಸಮವಾಗಿದ್ದಾಗ ಕ್ಷೇತ್ರ ಸಮವಾಗಿರಬೇಕಿಲ್ಲ ಎಂಬ ಮಾತನ್ನು ಇದರಷ್ಟು ಸ್ಪಷ್ಟವಾಗಿ ಹೇಳುವ ಲೆಕ್ಕ ಬೇರೊಂದನ್ನು ನಾವು ಕಾಣೆವು. ಆದರೆ “ಗೋಳಗಳು ಬಹುದೂರದಲ್ಲಿವೆ, ತಂತಿಯ ವಿದ್ಯುದಂಶವನ್ನು ಗಣಿಸುವುದಿಲ್ಲ” ಎಂಬ ವಾಕ್ಯ ಪ್ರಶ್ನೆಯಲ್ಲಿಯೇ ಇರಬೇಕು. ಉತ್ತರ ಬಂದ ಮೇಲೆ, “ಗೋಳಗಳನ್ನು ತಾಗಿಸಿದರೆ ಏನಾಗುತ್ತದೆ?” ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಮೊದಲನೆಯದನ್ನು ಸೂತ್ರ ಬಲ್ಲವರೆಲ್ಲ ಬಿಡಿಸಬಲ್ಲರು. ಎರಡನೆಯದಕ್ಕೆ ಸೂತ್ರ ಎಲ್ಲಿಂದ ಬಂದಿತೆಂಬುದು ಗೊತ್ತಿರಬೇಕು.

ಇದನ್ನು ಕಣ್ಣಾರೆ ನೋಡುವುದೂ ಸಾಧ್ಯ. ಅವಾಹಕದ ಹಿಡಿಯುಳ್ಳ ಒಂದು ಪುಟ್ಟ ಲೋಹದ ಬಿಲ್ಲೆಯನ್ನು ಗೋಳದ ಮೇಲೆ ಒತ್ತಿ ತೆಗೆದು, ವಿದ್ಯುದ್ದರ್ಶಕಕ್ಕೆ ಮುಟ್ಟಿಸಿದರೆ, ಅದರ ಎಲೆಗಳು ಆ ಸ್ಥಳದ ಸಾಂದ್ರತೆಗೆ ತಕ್ಕಂತೆ ಅಗಲುತ್ತವೆ. ಒಣಹವೆಯ ದಿನದಲ್ಲಿ, ತಾಗಿಸಿದ ಗೋಳಗಳ ಸಂದಿನಿಂದ ಮೊದಲುಮಾಡಿ ಹೊರತುದಿಯವರೆಗೆ ಹೀಗೆ ಪರೀಕ್ಷಿಸಿ ನೋಡಬೇಕು. ಸಂದಿನ ಬಳಿ ಎಲೆಗಳು ಅಲುಗುವುದೇ ಕಷ್ಟ. ತುದಿಯಲ್ಲಿ ಚೆನ್ನಾಗಿ ಅರಳುತ್ತವೆ. ಆ ಬಳಿಕ ಗೋಳಗಳನ್ನು ದೂರವಿರಿಸಿ, ತಂತಿಯಿಂದ ಕೂಡಿಸಿ, ಮತ್ತೆ ನೋಡಬೇಕು. ಈಗ ಸಣ್ಣ ಗೋಳದ ಯಾವ ಬದಿಯಿಂದ ಬಿಲ್ಲೆಯನ್ನು ತಂದರೂ, ತಂತಿ ಸೇರುವ ಸ್ಥಳವೊಂದನ್ನು ಬಿಟ್ಟರೆ, ಎಲೆಗಳು ಅರಳುತ್ತವೆ.